ಕೋಳಿ ಶೆಡ್‌ನ ಹಾಸು: ನೀರಿನ ಲೆಕ್ಕ ಇಟ್ಟರೆ ಘಾಟು ಅಡಗುತ್ತದೆ

ಸೆಪ್ಟೆಂಬರ್ ಮಳೆ ನಾಲ್ಕು ದಿನ ಬಿಡದೆ ಹೊಡೆದರೆ ಸಾಕು, ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆಗಳ ಆಚೆ ಸಣ್ಣ ಕೋಳಿ ಶೆಡ್ ಹಾಕಿಕೊಂಡವರೆಲ್ಲ ಒಂದೇ ಮಾತು ಹೇಳತೊಡಗುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದರೆ ಘಾಟು ಮೂಗಿಗೆ ಹೊಡೆಯುತ್ತದೆ, ಕಣ್ಣು ಉರಿಯುತ್ತದೆ, ಕಾಲಿಟ್ಟ ಕಡೆ ಹಾಸು ಚಪ್ಪಲಿಗೆ ಅಂಟುತ್ತದೆ. ಜೆ.ಪಿ. ನಗರ, ಬನಶಂಕರಿಯಲ್ಲಿ ಮನೆ, ಕಗ್ಗಲೀಪುರದ ಕಡೆ ಚೂರು ಜಮೀನು, ಅದರಲ್ಲಿ ನೂರು ಗಿರಿರಾಜ ಕೋಳಿ ಎಂಬ ಲೆಕ್ಕದಲ್ಲಿ ಸಾಕುವವರಿಗೆ ಇದು ಹೆಚ್ಚು ಕಾಡುತ್ತದೆ. ದಿನವೂ ಶೆಡ್ಡಿನಲ್ಲೇ ಇರಲಾಗುವುದಿಲ್ಲ. ವಾರದ ನಡುವೆ ಏನಾಯಿತೆಂಬುದು ಶನಿವಾರ ಹೋದಾಗಲೇ ತಿಳಿಯುವುದು. ಹೆಚ್ಚಿನವರು ಆಗ ಮಾಡುವ ಮೊದಲ ಕೆಲಸ ಒಂದು ಚೀಲ ಸುಣ್ಣ ತಂದು ಎರಚುವುದು. ಅಂದು ರಾತ್ರಿ ಘಾಟು ಇನ್ನೂ ಏರುತ್ತದೆ! ಏಕೆ ಏರುತ್ತದೆ ಎಂಬುದು ಗೊತ್ತಾದರೆ ಡೀಪ್ ಲಿಟರ್ ಪದ್ಧತಿಯ ಅರ್ಧ ಗುಟ್ಟು ಗೊತ್ತಾದಂತೆ.

ಹಾಸಿನೊಳಗೆ ನಡೆಯುವುದೇನು?

ಹಳೆಯ ಹಾಸನ್ನು ಪದೇಪದೇ ತೆಗೆಯದೆ, ಅದರ ಮೇಲೇ ಹೊಸ ಹೊಟ್ಟು ಸೇರಿಸುತ್ತ ಹೋಗುವ ಈ ಕ್ರಮವನ್ನು 1940ರ ದಶಕದಲ್ಲಿ ಅಮೆರಿಕದ ಓಹಿಯೊ ರಾಜ್ಯದ ಪ್ರಯೋಗ ಕೇಂದ್ರ ಪರೀಕ್ಷಿಸಿ ಪ್ರಚಾರಕ್ಕೆ ತಂದಿತು. ಇತಿಹಾಸ ಅಷ್ಟು ಸಾಕು.

ಕೋಳಿಗೆ ಪ್ರತ್ಯೇಕ ಮೂತ್ರ ಇಲ್ಲ. ಹಿಕ್ಕೆಯ ತುದಿಯಲ್ಲಿ ಬೆಳ್ಳಗೆ ಕಾಣುವುದೇ ಯೂರಿಕ್ ಆಮ್ಲ. ಒಣಗಿದ್ದರೆ ಅದರಿಂದ ತೊಂದರೆಯಿಲ್ಲ, ವಾಸನೆಯೂ ಇಲ್ಲ. ತೇವ ಸಿಕ್ಕಿದ ಕೂಡಲೇ ಹಾಸಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯ ಮಾಡುತ್ತವೆ. ಹಾಸಿನ ತೇವ ನೂರಕ್ಕೆ 20ರಿಂದ 25ರಷ್ಟು ಇದ್ದಾಗ ಈ ಕೆಲಸ ನಿಧಾನವಾಗಿ ಸಾಗುತ್ತದೆ. ಹೊಟ್ಟು ಹಿಕ್ಕೆಯನ್ನು ಹೀರಿಕೊಂಡು ಸಡಿಲವಾಗಿ ಉಳಿಯುತ್ತದೆ. ತೇವ 30 ದಾಟಿದರೆ ಮೇಲ್ಪದರ ಅಂಟಿಕೊಂಡು ತಟ್ಟೆ ಕಟ್ಟುತ್ತದೆ. ಸಾಕಣೆದಾರರು 'ಲಿಟರ್ ಕೇಕ್ ಆಗಿದೆ' ಎನ್ನುವುದು ಇದನ್ನೇ. ಆ ತಟ್ಟೆಯ ಕೆಳಗೆ ಗಾಳಿ ಆಡುವುದಿಲ್ಲ, ನೀರು ಆರುವುದಿಲ್ಲ, ಘಾಟು ಹುಟ್ಟುವುದು ನಿಲ್ಲುವುದಿಲ್ಲ.

ಅಮೋನಿಯಕ್ಕೆ ಇನ್ನೊಂದು ಬೆಂಬಲ ಬೇಕು: ಕ್ಷಾರ ಗುಣ. ಹಾಸು ಕ್ಷಾರದ ಕಡೆಗೆ ವಾಲಿದಷ್ಟೂ ಅದರೊಳಗೆ ಹಿಡಿದಿಟ್ಟುಕೊಂಡಿದ್ದ ಅಮೋನಿಯ ಅನಿಲವಾಗಿ ಹಾರುತ್ತದೆ. ಸುಣ್ಣ ಕಡು ಕ್ಷಾರ. ಹಸಿ ಹಾಸಿನ ಮೇಲೆ ಸುಣ್ಣ ಎರಚಿದ ರಾತ್ರಿ ಘಾಟು ಏರುವುದು ಇದಕ್ಕೇ. ಒಲೆಯ ಬೂದಿಯೂ ಇದೇ ಜಾತಿಯದು. ಕೋಳಿಗಳು ಮಣ್ಣು ಮೀಯುವ ಮೂಲೆಗೆ ಅದು ಸರಿ, ಘಾಟಿಗೆ ಮದ್ದಲ್ಲ.

ನೂರು ಕೋಳಿಯ ಒಂದು ದಿನದ ನೀರು

ಉದಾಹರಣೆಗೆ 25 ಅಡಿ ಉದ್ದ, 10 ಅಡಿ ಅಗಲದ ಶೆಡ್ ತೆಗೆದುಕೊಳ್ಳಿ. 250 ಚದರಡಿಯಲ್ಲಿ ನೂರು ಗಿರಿರಾಜ ಹೇಂಟೆಗಳು, ಅಂದರೆ ತಲೆಗೆ ಎರಡೂವರೆ ಚದರಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ಈ ತಳಿ ಮೈ ತುಂಬಿದ ಕೋಳಿಯಾದ್ದರಿಂದ ಮೊಟ್ಟೆಕೋಳಿಗೆ ಸಾಮಾನ್ಯವಾಗಿ ಹೇಳುವ ಎರಡು ಚದರಡಿಗಿಂತ ಸ್ವಲ್ಪ ಹೆಚ್ಚು ಜಾಗ ಕೊಡುವುದು ಒಳ್ಳೆಯದು.

ಒಂದು ಹೇಂಟೆ ದಿನಕ್ಕೆ ಸುಮಾರು 120 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರು. ನೂರು ಹೇಂಟೆಗಳಿಗೆ 12 ಕೆಜಿ ಹಿಕ್ಕೆ, ಅದರಲ್ಲಿ 9 ಲೀಟರ್ ನೀರು. ದಿನವೂ ಈ 9 ಲೀಟರ್ ಶೆಡ್ಡಿನಿಂದ ಆಚೆ ಹೋಗಬೇಕು. ಹೋಗುವ ದಾರಿ ಒಂದೇ, ಗಾಳಿ. ಗಾಳಿ ಒಯ್ಯುವುದಕ್ಕಿಂತ ಹೆಚ್ಚು ನೀರು ಬಂದ ದಿನದಿಂದ ಹಾಸು ಸಾಲಗಾರನಾಗುತ್ತದೆ.

ಇನ್ನು ಸೋರುವ ಒಂದು ನಿಪ್ಪಲ್ ನೋಡೋಣ. ಸೆಕೆಂಡಿಗೆ ಒಂದು ಹನಿ ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಹಾಗೆ ತೊಟ್ಟಿಕ್ಕುವ ನೀರು ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ. ನೂರು ಕೋಳಿಗಳ ಹಿಕ್ಕೆಯ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು! ಹಿಕ್ಕೆಯ ನೀರು 250 ಚದರಡಿಯಲ್ಲಿ ಹರಡಿದರೆ ಇದು ಬೀಳುವುದು ಮೊರದಗಲದ ಜಾಗದಲ್ಲಿ. ಶೆಡ್ಡಿನ ಘಾಟಿನ ಮೂಲ ಹುಡುಕುವಾಗ ಮೊದಲು ಮಾಡಿನ ಕಡೆ ನೋಡಬೇಡಿ, ನೀರಿನ ಲೈನ್ ನೋಡಿ.

ಹಾಸು ಹಾಕುವ ಕ್ರಮ

1. ಕಾಲ ನೋಡಿ ಶುರು ಮಾಡಿ. ಹೊಸ ಹಾಸಿನಲ್ಲಿ ಸೂಕ್ಷ್ಮಜೀವಿಗಳು ನೆಲೆಯೂರಿ ಹದಕ್ಕೆ ಬರಲು ಕನಿಷ್ಠ ಎರಡು ತಿಂಗಳು ಬೇಕು. ಬೆಂಗಳೂರಿನಲ್ಲಿ ಮೇ ತಿಂಗಳಲ್ಲೇ ಜೋರು ಮಳೆ ಬರುತ್ತದೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೂ ಹೆಚ್ಚು. ಹಾಗಾಗಿ ಜನವರಿಯಿಂದ ಮಾರ್ಚ್ ನಡುವೆ ಹಾಸು ಹಾಕುವುದೇ ಜಾಣತನ. ಜುಲೈಯಲ್ಲಿ ಹೊಸ ಹಾಸು ಹಾಕಿದವರು ಮಳೆಗಾಲ ಪೂರ್ತಿ ಅದರ ಹಿಂದೆ ಓಡಾಡಬೇಕಾಗುತ್ತದೆ.

2. ಹೊಟ್ಟು ಆರಿಸಿ. ನಮ್ಮ ಕಡೆ ಭತ್ತದ ಹೊಟ್ಟೇ ಮೇಲು. ಬೇಗ ಒಣಗುತ್ತದೆ, ತಟ್ಟೆ ಕಟ್ಟುವುದು ಕಡಿಮೆ. ಗಿರಣಿಯಲ್ಲಿ ಹೊಟ್ಟು ಕೇಳಿ, ತೌಡು ಬೇಡ. ತೌಡು ಬೆರೆತರೆ ಬೂಸ್ಟು ಹಿಡಿಯುತ್ತದೆ. ಮರಗೆಲಸದ ರಂದದ ಸಿಪ್ಪೆಯೂ ಚೆನ್ನಾಗಿರುತ್ತದೆ. ಆದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದಲೋ ಪೀಠೋಪಕರಣದ ಅಂಗಡಿಯಿಂದಲೋ ತರುವಾಗ ಪ್ಲೈವುಡ್ ಹುಡಿ, ಪಾಲಿಶ್ ಆದ ಮರದ ಪುಡಿ ಬೇಡವೆಂದು ಹೇಳಿ ತನ್ನಿ. ನುಣ್ಣನೆಯ ಗರಗಸದ ಹುಡಿಯನ್ನು ಮರಿಗಳು ಮೇವೆಂದು ತಿಂದುಬಿಡುತ್ತವೆ. ಕಡಲೆಕಾಯಿ ಸಿಪ್ಪೆ ಅಗ್ಗ, ಒಣಗಿದ್ದರೆ ತೊಂದರೆಯಿಲ್ಲ, ನೆನೆದರೆ ಶಿಲೀಂಧ್ರದ ಗೂಡು.

3. ನೆಲ ಪೂರ್ತಿ ಒಣಗಿರಲಿ. ಸಿಮೆಂಟ್ ನೆಲ ಸುತ್ತಲಿನ ಮಟ್ಟಕ್ಕಿಂತ ಒಂದಡಿ ಎತ್ತರ ಇರಬೇಕು. ಮಣ್ಣಿನ ನೆಲದ ಮೇಲೆ ಹಾಕಿದ ಹಾಸು ಮಳೆಗಾಲದಲ್ಲಿ ಕೆಳಗಿನಿಂದಲೂ ತೇವ ಎಳೆದುಕೊಳ್ಳುತ್ತದೆ.

4. ಮೊದಲು ನಾಲ್ಕು ಅಂಗುಲ. ನಮ್ಮ 250 ಚದರಡಿಗೆ ಇದು ಸುಮಾರು 240 ಕೆಜಿ ಭತ್ತದ ಹೊಟ್ಟು. ಆಮೇಲೆ ಎರಡು ತಿಂಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವೇ ಸೇರಿಸುತ್ತ ಆರರಿಂದ ಎಂಟು ಅಂಗುಲಕ್ಕೆ ತನ್ನಿ. ಒಂದೇ ದಿನ ಎಂಟು ಅಂಗುಲ ಹಾಕಿದರೆ ಕೆಳಗಿನ ಹೊಟ್ಟಿಗೆ ಹಿಕ್ಕೆಯೇ ಮುಟ್ಟುವುದಿಲ್ಲ, ಮೇಲಿನದು ಮಾತ್ರ ಕೆಡುತ್ತದೆ.

ವಾರದ ಕೆಲಸ

ವಾರಕ್ಕೆ ಎರಡು ಸಲ ಹಾಸನ್ನು ಮಗುಚಬೇಕು. ಎಷ್ಟು ಸಲ ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಎಂಬುದು ಮುಖ್ಯ. ಬಿಸಿಲೇರಿ ಪಕ್ಕದ ಪರದೆಗಳನ್ನು ಪೂರ್ತಿ ತೆರೆದ ಮೇಲೆ, ಹತ್ತು–ಹನ್ನೊಂದು ಗಂಟೆಯ ಹೊತ್ತಿಗೆ ಮಗುಚಿ. ಆಗ ಎದ್ದ ಅಮೋನಿಯವೂ ಆವಿಯೂ ಹೊರಗೆ ಹೋಗುತ್ತವೆ. ಕೆಲಸ ಮುಗಿಸಿ ಬಂದವರು ಸಂಜೆ ಆರಕ್ಕೆ ಮಗುಚಿ ಪರದೆ ಎಳೆದರೆ, ಎದ್ದ ಘಾಟನ್ನೆಲ್ಲ ಕೋಳಿಗಳು ರಾತ್ರಿಯಿಡೀ ಉಸಿರಾಡುತ್ತವೆ. ಮಗುಚುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ದೂಳು ನಿಮಗೂ ಒಳ್ಳೆಯದಲ್ಲ.

ಹಾಸಿನ ಹದ ಅರಿಯಲು ಮುಷ್ಟಿ ಸಾಕು. ಮೂರು ಅಂಗುಲ ಆಳದಿಂದ ಒಂದು ಹಿಡಿ ತೆಗೆದು ಒತ್ತಿ ಹಿಡಿದು, ಕೈ ಬಿಚ್ಚಿ. ತುಸು ಅಂಟಿ ತಾನಾಗಿ ಬಿರುಕು ಬಿಟ್ಟು ಉದುರಿದರೆ ಹದ ಸರಿಯಿದೆ. ಉಂಡೆ ಉಂಡೆಯಾಗಿಯೇ ಕೂತರೆ ತೇವ ಹೆಚ್ಚು. ಅಂಟದೆ ಬೆರಳ ಸಂದಿಯಿಂದ ಪುಡಿಯಾಗಿ ಸೋರಿದರೆ ಅತಿ ಒಣ. ಏಪ್ರಿಲ್‌ನಲ್ಲಿ ಹೀಗಾಗುತ್ತದೆ, ದೂಳಿಗೆ ಕೋಳಿಗಳು ಸೀನುತ್ತವೆ, ಆಗ ಸ್ವಲ್ಪ ನೀರು ಚಿಮುಕಿಸಿದರೂ ತಪ್ಪಲ್ಲ. ಈ ಪರೀಕ್ಷೆಯನ್ನು ಡ್ರಿಂಕರ್ ಕೆಳಗೆ, ಗೋಡೆ ಬದಿ, ಮೂಲೆ, ರಾತ್ರಿ ಕೂರುವ ಜಾಗ, ನಡುಭಾಗ ಹೀಗೆ ಐದು ಕಡೆ ಮಾಡಿ. ನಡುಭಾಗ ಒಂದನ್ನೇ ನೋಡಿದರೆ ಅದು ಎಂದಿಗೂ ಚೆನ್ನಾಗಿಯೇ ಕಾಣುತ್ತದೆ.

ಅಮೋನಿಯಕ್ಕೆ ಮೂಗೇ ಅಳತೆಗೋಲು, ಆದರೆ ಅದನ್ನು ಪೂರ್ತಿ ನಂಬುವಂತಿಲ್ಲ. ಗಾಳಿಯಲ್ಲಿ ಅಮೋನಿಯ ಹತ್ತು ಲಕ್ಷಕ್ಕೆ 25 ಭಾಗ ಮೀರಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. 50ರ ಸುಮಾರಿಗೆ ಹೋದರೆ ಕೋಳಿಯ ಕಣ್ಣಿನ ಪೊರೆಗೆ ಹಾನಿ, ಶ್ವಾಸನಾಳದಲ್ಲಿ ಕಸ ತಳ್ಳುವ ಸೂಕ್ಷ್ಮ ರೋಮಗಳಿಗೆ ಪೆಟ್ಟು. ಹಾಗಾದ ಹಿಂಡಿಗೆ ಕೊಕ್ಕರೆ ರೋಗದಂಥ ಉಸಿರಿನ ಕಾಯಿಲೆಗಳು ಸುಲಭವಾಗಿ ಹತ್ತುತ್ತವೆ. ದಿನವೂ ಶೆಡ್ಡಿಗೆ ಹೋಗುವವರ ಮೂಗು ಒಗ್ಗಿಹೋಗಿ ಈ ಏರಿಕೆಯನ್ನು ಹೇಳುವುದೇ ಇಲ್ಲ. ಅದಕ್ಕೆ ಬೆಳಿಗ್ಗೆ ಪರದೆ ತೆರೆಯುವ ಮೊದಲು ಒಳಗೆ ಹೋಗಿ, ಕುಕ್ಕರಗಾಲಲ್ಲಿ ಕೂತು ಕೋಳಿಯ ತಲೆಯ ಮಟ್ಟದಲ್ಲಿ ಒಂದು ನಿಮಿಷ ಉಸಿರಾಡಿ. ನಿಂತಾಗ ಗೊತ್ತಾಗದ್ದು ಆಗ ಗೊತ್ತಾಗುತ್ತದೆ. ಕಣ್ಣು ಚುರುಗುಟ್ಟಿದರೆ ಮಿತಿ ದಾಟಿದೆಯೆಂದೇ ತಿಳಿಯಿರಿ. ಶನಿವಾರ ಜೊತೆಗೆ ಬರುವ ಮನೆಯವರ ಮೂಗು ನಿಮ್ಮದಕ್ಕಿಂತ ನಿಜ ಹೇಳುತ್ತದೆ, ಅವರು ಮುಖ ಸಿಂಡರಿಸಿದರೆ ವಾದಿಸಬೇಡಿ.

ಮಳೆ ಹೊಡೆದ ಮರುದಿನ

ಅದೇ 250 ಚದರಡಿಯ ಶೆಡ್. ರಾತ್ರಿ ಗಾಳಿಮಳೆಗೆ ಪಡುವಣ ಬದಿಯಿಂದ ಎರಚಲು ಹೊಡೆದು ಅಲ್ಲಿ ಮೂರಡಿ ಅಗಲಕ್ಕೆ ಹಾಸು ತೊಯ್ದಿದೆ, ಡ್ರಿಂಕರ್ ಸುತ್ತ ಮೊದಲೇ ತಟ್ಟೆ ಕಟ್ಟಿತ್ತು. ಬೆಳಿಗ್ಗೆ ಘಾಟು ಇದೆ. ಈಗ ಮಾಡಬೇಕಾದ್ದು, ಇದೇ ಕ್ರಮದಲ್ಲಿ:

1. ಮಳೆ ನಿಂತಿದ್ದರೆ ಎಲ್ಲ ಪರದೆ ತೆರೆಯಿರಿ. ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು ಅರ್ಧ ಗಂಟೆ ಗಾಳಿಯಾಡಲಿ.

2. ಕೋಳಿಗಳನ್ನು ಒಣಗಿದ ಅರ್ಧಕ್ಕೆ ತಳ್ಳಿ ನಡುವೆ ಜಾಲರಿಯನ್ನೋ ಹಲಗೆಯನ್ನೋ ಅಡ್ಡ ಇಡಿ.

3. ತೊಯ್ದದ್ದನ್ನು, ತಟ್ಟೆ ಕಟ್ಟಿದ್ದನ್ನು ಸಲಿಕೆಯಲ್ಲಿ ಎತ್ತಿ ಹೊರಗೆ ಹಾಕಿ. ಬಹಳ ಜನ ತಪ್ಪುವುದು ಇಲ್ಲೇ. ಹಸಿಯನ್ನು ಒಣದರೊಂದಿಗೆ ಬೆರೆಸಿದರೆ ಆರುತ್ತದೆ ಎಂದುಕೊಳ್ಳುತ್ತಾರೆ. ಬೆರೆಸಿದರೆ ಒಂದು ಮೂಲೆಯ ತೊಂದರೆ ಇಡೀ ಶೆಡ್ಡಿಗೆ ಹಬ್ಬುತ್ತದೆ. ಮುಷ್ಟಿಯಲ್ಲಿ ಉಂಡೆ ಕಟ್ಟುವಷ್ಟು ಮಾತ್ರ ತೇವವಿರುವ ಸಡಿಲ ಹಾಸನ್ನು ಮಗುಚಿ ಆರಿಸಬಹುದು, ತಟ್ಟೆಯನ್ನಲ್ಲ.

4. ನೀರಿನ ಮೂಲ ಸರಿಪಡಿಸಿ. ಗಂಟೆ ಆಕಾರದ ಡ್ರಿಂಕರಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಬೇಕು. ನಿಪ್ಪಲ್ ಆದರೆ ಕತ್ತು ಚಾಚಿ ಕುಡಿಯುವಷ್ಟು ಎತ್ತರ. ಕೋಳಿ ಬೆಳೆದಂತೆ, ಹಾಸು ಏರಿದಂತೆ ಈ ಎತ್ತರವನ್ನೂ ಬದಲಿಸುತ್ತ ಹೋಗಬೇಕು. ನಾಲ್ಕು ಅಂಗುಲ ಹಾಸು ಎಂಟಾದಾಗ ಡ್ರಿಂಕರ್ ನಾಲ್ಕು ಅಂಗುಲ ಕೆಳಗಿಳಿದಂತೆಯೇ ಲೆಕ್ಕ.

5. ತೆಗೆದ ಜಾಗಕ್ಕೆ ಒಣ ಹೊಟ್ಟು ತುಂಬಿ. ಇದಕ್ಕೆಂದೇ ಐದಾರು ಚೀಲ ಹೊಟ್ಟನ್ನು ಮಳೆಗಾಲದ ಮೊದಲೇ ತಂದು, ಟಾರ್ಪಾಲ್ ಹೊದಿಸಿ, ನೆಲದಿಂದ ಎತ್ತರದಲ್ಲಿ ಇಟ್ಟಿರಬೇಕು. ಮಳೆ ಹಿಡಿದ ಮೇಲೆ ಗಿರಣಿಯಿಂದ ಒಣ ಹೊಟ್ಟು ತರುವುದು ಕಷ್ಟ.

6. ಇಷ್ಟು ಮಾಡಿ ಮರುದಿನ ಬೆಳಿಗ್ಗೆಯೂ ಘಾಟು ಉಳಿದಿದ್ದರೆ ಸಿಂಗಲ್ ಸೂಪರ್ ಫಾಸ್ಫೇಟ್ ಗೊಬ್ಬರವನ್ನು 100 ಚದರಡಿಗೆ ಸುಮಾರು ಒಂದು ಕೆಜಿ, ಅಂದರೆ ಈ ಶೆಡ್ಡಿಗೆ ಎರಡೂವರೆ ಕೆಜಿ, ಎರಚಿ ಹಾಸಿನೊಳಗೆ ಬೆರೆಸಿ. ಇದು ಆಮ್ಲದ ಕಡೆಯದು. ಅಮೋನಿಯವನ್ನು ಅನಿಲವಾಗಲು ಬಿಡದೆ ಹಾಸಿನಲ್ಲೇ ಕಟ್ಟಿಹಾಕುತ್ತದೆ, ಮುಂದೆ ಗೊಬ್ಬರಕ್ಕೂ ಅದು ಲಾಭ. ಹರಳುಗಳನ್ನು ಕೋಳಿ ಹೆಕ್ಕದಂತೆ ಚೆನ್ನಾಗಿ ಬೆರೆಸಬೇಕು. ಅಮೆರಿಕದ ಬ್ರಾಯ್ಲರ್ ಶೆಡ್ಡುಗಳಲ್ಲಿ ಇದೇ ಕೆಲಸಕ್ಕೆ ಪಟಿಕ ಬಳಸುತ್ತಾರೆ.

ಮುಂದಿನ ಎರಡು ವಾರ ರಕ್ತ ಬೆರೆತ ಹಿಕ್ಕೆ ಕಾಣುತ್ತದೆಯೇ ಎಂದು ದಿನವೂ ನೋಡಿ. ಕಾಕ್ಸಿಡಿಯೋಸಿಸ್ ರೋಗದ ಅಣುಗಳು ಬೆಚ್ಚನೆಯ ಹಸಿ ಹಾಸಿನಲ್ಲಿ ಒಂದೆರಡು ದಿನದಲ್ಲೇ ಸೋಂಕು ತಗಲಿಸುವಷ್ಟು ಬಲಿಯುತ್ತವೆ. ರೆಕ್ಕೆ ಇಳಿಬಿಟ್ಟು ಮುದುಡಿ ನಿಂತ ಕೋಳಿ ಕಂಡರೆ ಪಶುವೈದ್ಯರಿಗೆ ತಿಳಿಸಿ. ಅಂಗಾಲಿನಲ್ಲಿ ಕಪ್ಪು ಗಾಯ ಕಂಡರೂ ಅಷ್ಟೇ, ಅದು ಹಸಿ ಹಾಸು ಸುಟ್ಟ ಗುರುತು.

ಎಚ್ಚರಿಕೆ

ಬ್ಲೀಚಿಂಗ್ ಪೌಡರನ್ನು ಹಾಸಿನ ಮೇಲೆ ಎಂದೂ ಎರಚಬೇಡಿ. ಅಮೋನಿಯದೊಂದಿಗೆ ಸೇರಿ ಅದು ಶ್ವಾಸಕೋಶ ಕೆಡಿಸುವ ವಿಷಾನಿಲ ಬಿಡುತ್ತದೆ, ಕೋಳಿಗೂ ನಿಮಗೂ ಅಪಾಯ. ಸುಣ್ಣ ಮತ್ತು ಸೂಪರ್ ಫಾಸ್ಫೇಟನ್ನು ಒಟ್ಟಿಗೆ ಹಾಕಿದರೆ ಒಂದು ಇನ್ನೊಂದರ ಗುಣ ಕೊಲ್ಲುತ್ತದೆ, ಎರಡಕ್ಕೂ ಕೊಟ್ಟ ಹಣ ದಂಡ. ಸುಣ್ಣಕ್ಕೆ ತನ್ನದೇ ಜಾಗವಿದೆ: ಕೋಳಿಗಳಿಲ್ಲದ ಖಾಲಿ ಶೆಡ್, ತೊಳೆದು ಒಣಗಿಸಿದ ನೆಲ ಮತ್ತು ಗೋಡೆ.

ಹೆಚ್ಚಾಗಿ ಆಗುವ ತಪ್ಪುಗಳು

ಮಳೆಯೆಂದು ಶೆಡ್ಡನ್ನು ನಾಲ್ಕೂ ಕಡೆ ಮುಚ್ಚುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಎರಚಲು ತಡೆದ ಸಮಾಧಾನ ಸಿಗುತ್ತದೆ, ಆದರೆ ದಿನದ 9 ಲೀಟರ್ ನೀರು, ಜೊತೆಗೆ ಕೋಳಿಗಳ ಉಸಿರಿನ ತೇವ, ಒಳಗೇ ಉಳಿಯುತ್ತದೆ. ಪರದೆಯ ಬುಡವನ್ನು ಗೋಡೆಗೆ ಕಟ್ಟಿ, ಕೆಳಗಿನಿಂದ ಮೇಲಕ್ಕೆ ಎಳೆಯುವಂತೆ ಮಾಡಿ. ಪೂರ್ತಿ ಏರಿಸಿದಾಗಲೂ ಮೇಲೆ ಒಂದರಿಂದ ಒಂದೂವರೆ ಅಡಿ ತೆರೆದಿರಲಿ. ಬಿಸಿ ತೇವದ ಗಾಳಿ ಅಲ್ಲಿಂದ ಹೋಗುತ್ತದೆ. ಆ ಸಂದಿಯಿಂದ ಮಳೆ ಬರದಂತೆ ನೋಡಿಕೊಳ್ಳುವುದು ಸೂರಿನ ಕೆಲಸ, ಅದು ಗೋಡೆಯಿಂದ ಮೂರು ನಾಲ್ಕು ಅಡಿ ಚಾಚಿರಬೇಕು. ಸೂರು ಗಿಡ್ಡವಾಗಿದ್ದರೆ ಹೊಸ ಪರದೆಗಿಂತ ಎರಡು ಶೀಟು ಹೆಚ್ಚಿಸಲು ದುಡ್ಡು ಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಡಿಸೆಂಬರ್‌ನಲ್ಲಿ ಮಳೆಯೇ ಇಲ್ಲದೆ ಹಾಸು ಹಸಿಯಾದರೆ ಮಾಡಿನ ತಗಡಿನ ಒಳಮೈ ನೋಡಿ. ಚಳಿಗೆಂದು ಪರದೆ ಬಿಗಿದಾಗ ಒಳಗಿನ ಆವಿ ತಣ್ಣನೆಯ ತಗಡಿಗೆ ತಾಗಿ ಬೆಳಗಿನ ಜಾವ ಹನಿಹನಿಯಾಗಿ ಕೆಳಗೆ ಬೀಳುತ್ತದೆ. ಸೋರುವ ಮಾಡೆಂದು ಟಾರು ಹಚ್ಚಿಸಿ ಪ್ರಯೋಜನವಿಲ್ಲ, ಮೇಲಿನ ಸಂದಿ ತೆರೆದರೆ ನಿಲ್ಲುತ್ತದೆ.

ಬಿ.ಟಿ.ಎಂ., ಜಯನಗರದ ತಾರಸಿಗಳಲ್ಲಿ ಹತ್ತು ಹದಿನೈದು ಕೋಳಿ ಸಾಕುವವರಿಗೆ ಬೇರೆಯೇ ತೊಡಕು. ತಾರಸಿಯ ಅಡ್ಡಗೋಡೆ ಕೆಳಮಟ್ಟದ ಗಾಳಿಯನ್ನು ಪೂರ್ತಿ ತಡೆಯುತ್ತದೆ, ಗೂಡನ್ನು ಒಂದೂವರೆ ಅಡಿ ಎತ್ತರಿಸಿಡಿ. ಗಾಳಿಗೆ ಹಾರಿದ ಹೊಟ್ಟು ಮಳೆನೀರಿನ ಕೊಳವೆಗೆ ಸೇರಿ ಕಟ್ಟಿಕೊಂಡರೆ ತಾರಸಿಯಲ್ಲೇ ನೀರು ನಿಲ್ಲುತ್ತದೆ, ಆ ಬಾಯಿಗೆ ಜಾಲರಿ ಇರಲಿ. ಇಷ್ಟು ಕಡಿಮೆ ಕೋಳಿಗೆ ಎಂಟು ಅಂಗುಲದ ಹಾಸಿನ ಹಟ ಬೇಡ. ನಾಲ್ಕು ಅಂಗುಲ ಹಾಕಿ, ತಿಂಗಳಿಗೊಮ್ಮೆ ಅರ್ಧ ಬದಲಿಸಿದರೆ ಪಕ್ಕದ ಮನೆಯವರೊಂದಿಗೂ ಸ್ನೇಹ ಉಳಿಯುತ್ತದೆ.

ಪೂರ್ತಿ ಬದಲಿಸುವುದು ಯಾವಾಗ?

ಬ್ರಾಯ್ಲರ್ ಆದರೆ ಪ್ರತಿ ಬ್ಯಾಚ್ ಮುಗಿದ ಮೇಲೆ. ಮೊಟ್ಟೆಕೋಳಿಗೆ ಚೆನ್ನಾಗಿ ನೋಡಿಕೊಂಡ ಹಾಸು ಸುಮಾರು ಒಂದು ವರ್ಷ, ಆ ಹಿಂಡು ಇರುವವರೆಗೂ ಬಾಳುತ್ತದೆ. ಅವಧಿಗೆ ಮೊದಲೇ ತೆಗೆಯಬೇಕಾದ ಸಂದರ್ಭಗಳು ನಾಲ್ಕು. ಮೇಲೆ ಹೇಳಿದ ರೀತಿ ಎರಡು ಸಲ ಸರಿಪಡಿಸಿದರೂ ಮುಷ್ಟಿಯಲ್ಲಿ ಉಂಡೆ ಉಂಡೆಯಾಗಿಯೇ ಉಳಿದರೆ ಹಾಸಿನ ಹೀರುವ ಶಕ್ತಿ ಮುಗಿದಿದೆ. ನೆಲದವರೆಗೂ ನೀರು ನುಗ್ಗಿದ್ದರೆ ಉಳಿಸಿಕೊಳ್ಳುವ ಯೋಚನೆಯೇ ಬೇಡ. ಹಾಸು ಒಂದಡಿ ದಾಟಿ ಮೇವಿನ, ನೀರಿನ ಪಾತ್ರೆಗಳನ್ನು ಇನ್ನು ಏರಿಸಲಾಗದಿದ್ದರೂ ತೆಗೆಯಿರಿ. ನಾಲ್ಕನೆಯದು ರೋಗ. ಹಿಂಡಿಗೆ ಕಾಯಿಲೆ ಬಂದು ಹೋಗಿದ್ದರೆ ಹೊಸ ಕೋಳಿ ಹಳೆಯ ಹಾಸನ್ನು ತುಳಿಯಬಾರದು. ಹಕ್ಕಿಜ್ವರದಂಥ ರೋಗದ ಅನುಮಾನವಿದ್ದರಂತೂ ಹಾಸನ್ನು ನೀವು ಮುಟ್ಟಲೇಬೇಡಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಅದು ದೃಢಪಟ್ಟದ್ದು ನೆನಪಿರಲಿ, ಬೆಂಗಳೂರಿಗೆ ಅದೇನೂ ದೂರವಲ್ಲ. ಅಂಥ ಹಾಸಿನ ವಿಲೇವಾರಿ ಪಶುಪಾಲನಾ ಇಲಾಖೆ ಹೇಳಿದಂತೆಯೇ ಆಗಬೇಕು.

ನಡುಮಳೆಗಾಲದಲ್ಲಿ ಪೂರ್ತಿ ತೆಗೆಯುವ ಆತುರ ಬೇಡ. ಹೊಸ ಹಾಸು ಹದಕ್ಕೆ ಬರುವುದರೊಳಗೆ ಮತ್ತೆ ಅದೇ ಪಾಡಾಗುತ್ತದೆ. ಕೆಟ್ಟ ಭಾಗವನ್ನಷ್ಟೇ ತೆಗೆದು ಡಿಸೆಂಬರಿನವರೆಗೆ ತಳ್ಳಿ. ತೆಗೆಯುವ ದಿನ ಬಂದಾಗ ಕೋಳಿ, ಪಾತ್ರೆಗಳನ್ನೆಲ್ಲ ಹೊರಹಾಕಿ, ಹಾಸು ಬಾಚಿ, ನೆಲ ಗುಡಿಸಿ ತೊಳೆದು ಚೆನ್ನಾಗಿ ಒಣಗಿಸಿ, ಸುಣ್ಣ ಬಳಿದು, ಹತ್ತರಿಂದ ಹದಿನಾಲ್ಕು ದಿನ ಶೆಡ್ ಖಾಲಿ ಬಿಡಿ. ಹಿಂದಿನ ಹಿಂಡು ಆರೋಗ್ಯವಾಗಿದ್ದು, ಮುಂದೆ ಬರುವವು ಬೆಳೆದ ಕೋಳಿಗಳೇ ಆಗಿದ್ದರೆ ಒಣಗಿದ ಹಳೆಯ ಹಾಸನ್ನು ಒಂದಷ್ಟು ಹೊಸದರ ಕೆಳಗೆ ಹೆಪ್ಪಿನಂತೆ ಹಾಕಬಹುದು. ಮರಿಗಳಿಗೆ ಮಾತ್ರ ಪೂರ್ತಿ ಹೊಸದೇ ಬೇಕು. ಇದನ್ನೆಲ್ಲ ಕೈಯಾರೆ ಕಲಿಯಬೇಕೆನ್ನುವವರಿಗೆ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ತರಬೇತಿ ಸಿಗುತ್ತದೆ.

ಹೊರಗೆ ಬಂದ ಹಾಸು ಒಳ್ಳೆಯ ಗೊಬ್ಬರ, ಸಾರಜನಕವೇ ನೂರಕ್ಕೆ ಮೂರರಷ್ಟಿರುತ್ತದೆ. ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಬಾವಿ, ಕೊಳವೆಬಾವಿಯಿಂದ ದೂರದಲ್ಲಿ, ಶೆಡ್ಡಿಗೂ ಅಂಟದಂತೆ ಗುಡ್ಡೆ ಹಾಕಿ, ಮಳೆ ತಾಗದಂತೆ ಟಾರ್ಪಾಲ್ ಹೊದಿಸಿ. ಒಳಗೆ ಕೈ ಇಡಲಾಗದಷ್ಟು ಕಾವೇರಿ ಇಳಿಯುತ್ತದೆ, ಆಗ ಒಮ್ಮೆ ಮಗುಚಿ. ಮಗುಚಿದರೂ ಮತ್ತೆ ಕಾವೇರದೆ, ಘಾಟು ಹೋಗಿ ಮಣ್ಣಿನ ವಾಸನೆ ಬಂದ ಮೇಲೆ ತೋಟಕ್ಕೆ ಹಾಕಬಹುದು. ಮನೆಯ ಗುಲಾಬಿ ಕುಂಡಕ್ಕೆ ಒಂದು ಹಿಡಿಗಿಂತ ಹೆಚ್ಚು ಬೇಡ.